ಇಂದಿನ ಬೆಲೆಯ ಹರಿವು, ನಾಳಿನ ಬೆಲೆಯ ಹರಿವು: ಒಂದೇ ಯಂತ್ರಕ್ಕೆ ಎರಡು ಎನ್‌ಪಿವಿ ಏಕೆ ಬರುತ್ತದೆ?

ಪ್ರಶ್ನೆ: 100 ಲಕ್ಷದ ಯಂತ್ರವೊಂದನ್ನು ಕೊಳ್ಳುವ ಪ್ರಸ್ತಾಪ ನಮ್ಮ ಮುಂದಿದೆ. ಆಯುಷ್ಯ 4 ವರ್ಷ, ಕೊನೆಗೆ ಗುಜರಿ ಬೆಲೆ ಸೊನ್ನೆ. ಸವಕಳಿ ವರ್ಷಕ್ಕೆ 25 ಲಕ್ಷ, ತೆರಿಗೆ 30%. ಇಂದಿನ ಬೆಲೆಯಲ್ಲಿ ವರ್ಷದ ಮಾರಾಟ 90 ಲಕ್ಷ, ನಗದು ಖರ್ಚು 54 ಲಕ್ಷ. ಬಂಡವಾಳದ ವೆಚ್ಚ 13.4%, ಹಣದುಬ್ಬರ 5%. ಮೊದಲು ಇಂದಿನ ಬೆಲೆಯ ನಗದು ಹರಿವಿಗೆ 13.4% ದರ ಹಾಕಿದೆ, ಎನ್‌ಪಿವಿ, ಅಂದರೆ ಹರಿವಿನ ಇಂದಿನ ಮೌಲ್ಯದಿಂದ ಹೂಡಿಕೆ ಕಳೆದು ಉಳಿಯುವ ಮೊತ್ತ, -3.54 ಲಕ್ಷ ಬಂತು. ತಪ್ಪು ಅಂದರು. ಹಣದುಬ್ಬರ ತೆಗೆದ ನೈಜ ದರ 8% ಹಾಕಿದೆ, +8.31 ಬಂತು. ಸಹೋದ್ಯೋಗಿ ಮಾರಾಟ, ಖರ್ಚು ಎರಡನ್ನೂ ವರ್ಷಕ್ಕೆ 5% ಏರಿಸಿ 13.4%ರಲ್ಲಿ ಮಾಡಿದರೆ +5.59. ಎರಡೂ ದಾರಿಗೆ ಒಂದೇ ಉತ್ತರ ಬರಬೇಕು ಎಂದು ಓದಿದ್ದೇನೆ. ನನ್ನದಕ್ಕೂ ಅವರದಕ್ಕೂ ಏಕೆ ತಾಳೆಯಾಗುತ್ತಿಲ್ಲ?

ಉತ್ತರ: ನಿಮ್ಮ ಸಹೋದ್ಯೋಗಿಯ 5.59 ಸರಿ. ನಿಮ್ಮ ಎರಡನೇ ಲೆಕ್ಕದಲ್ಲಿ ದರ ಸರಿಯಾಗಿಯೇ ಇದೆ, ಆದರೆ ಹರಿವಿನ ಒಂದು ತುಂಡು ಇಂದಿನ ಬೆಲೆಯದ್ದಲ್ಲ. ಸವಕಳಿಯಿಂದ ಉಳಿಯುವ ತೆರಿಗೆಯೇ ಆ ತುಂಡು. ಇಡೀ 2.72 ಲಕ್ಷದ ವ್ಯತ್ಯಾಸ ಅದೊಂದರಿಂದಲೇ ಬಂದಿದೆ. ಅಲ್ಲಿಗೆ ಹೋಗುವ ಮೊದಲು -3.54 ಏಕೆ ಬಂತು ಎಂಬುದನ್ನು ನೋಡಿಬಿಡೋಣ, ಏಕೆಂದರೆ ಎರಡೂ ತಪ್ಪುಗಳ ಬೇರು ಒಂದೇ.

13.4% ಎಂಬ ದರ ಎಲ್ಲಿಂದ ಬಂದಿದೆ? ನಿಮಗೆ ಹಣ ಕೊಟ್ಟವರು, ಸಾಲದವರಿರಲಿ ಷೇರುದಾರರಿರಲಿ, ಮುಂದೆ ಕೈಗೆ ಬರುವ ಹಣದ ಲೆಕ್ಕದಲ್ಲಿ ಪ್ರತಿಫಲ ಕೇಳುತ್ತಾರೆ. ಈಗ 100 ಕೊಟ್ಟವರಿಗೆ ಒಂದು ವರ್ಷದ ನಂತರ 105 ಬಂದರೆ ಅವರು ಮೊದಲಿದ್ದಲ್ಲೇ ಇರುತ್ತಾರೆ, ಏಕೆಂದರೆ ಬೆಲೆಗಳು 5% ಏರಿವೆ. ನಿಜವಾಗಿ 8% ಗಳಿಸಬೇಕಾದರೆ ಆ 105ರ ಮೇಲೆ 8% ಸಿಗಬೇಕು, ಅಂದರೆ 113.4. ಹೀಗೆ ಹಣದುಬ್ಬರ ಈಗಾಗಲೇ ದರದೊಳಗೆ ಕೂತಿದೆ. ಅಂಥ ದರವನ್ನು ಹಣದುಬ್ಬರ ಸೇರದ ಹರಿವಿಗೆ ಹಾಕಿದರೆ, ಬೆಲೆ ಏರಿಕೆಯ ಹೊರೆಯನ್ನು ಯೋಜನೆಯ ಮೇಲೆ ಹೊರಿಸಿ, ಅದೇ ಏರಿಕೆಯಿಂದ ಮಾರಾಟಕ್ಕೆ ಸಿಗುವ ಲಾಭವನ್ನು ಕಸಿದುಕೊಂಡಂತೆ ಆಗುತ್ತದೆ.

ಮೇಲಿನ 105 ಮತ್ತು 113.4ರ ಲೆಕ್ಕವೇ ಫಿಶರ್ ಸಮೀಕರಣ. ಹಣದುಬ್ಬರ ಸೇರಿದ ನಾಮಿನಲ್ ದರದಿಂದ ನೈಜ ದರ ಪಡೆಯಲು ಭಾಗಿಸಬೇಕು, ಕಳೆಯಬಾರದು:

```
(1 + 0.134) / (1 + 0.05) - 1 = 0.08
```

13.4ರಿಂದ 5 ಕಳೆದರೆ 8.4% ಬರುತ್ತದೆ. ಹಣದುಬ್ಬರ ಕಡಿಮೆ ಇದ್ದಾಗ ಇದು ಸಣ್ಣ ತಪ್ಪು. ಆದರೂ ನಿಮ್ಮ ಈ ಪುಟ್ಟ ಯೋಜನೆಯಲ್ಲೇ, ಬರೀ ವ್ಯವಹಾರದ ಹರಿವಿನ ಮೌಲ್ಯವನ್ನು ಅದು ಸುಮಾರು 0.74 ಲಕ್ಷ ಕಡಿಮೆ ತೋರಿಸುತ್ತದೆ. ಹಣದುಬ್ಬರ ಹೆಚ್ಚಿರುವಲ್ಲಿ ಈ ಅಡ್ಡದಾರಿ ಅಪಾಯಕಾರಿ. ನಾಮಿನಲ್ ದರ 40%, ಹಣದುಬ್ಬರ 25% ಇದ್ದರೆ ಕಳೆದಾಗ 15% ಸಿಗುತ್ತದೆ, ಸರಿಯಾದ ನೈಜ ದರ 12%. ಕಂಪ್ಯೂಟರ್ ಲೆಕ್ಕ ಹಾಕುವ ಈ ಕಾಲದಲ್ಲಿ ಕಳೆಯುವ ಅಂದಾಜನ್ನು ಬಳಸಲು ಕಾರಣವೇ ಇಲ್ಲ.

ನಿಮ್ಮ ಮೊದಲ ಲೆಕ್ಕದಂಥ ತಪ್ಪು ಎಲ್ಲ ಯೋಜನೆಗಳಿಗೂ ಒಂದೇ ಪ್ರಮಾಣದಲ್ಲಿ ತಗಲುವುದಿಲ್ಲ ಎಂಬುದನ್ನೂ ಗಮನಿಸಿ. ಮೊದಲ ವರ್ಷದ ಹರಿವು 1.05 ಪಟ್ಟು ಕುಗ್ಗಿದರೆ, ನಾಲ್ಕನೆಯದು ಸುಮಾರು 1.22 ಪಟ್ಟು, ಇಪ್ಪತ್ತನೆಯದು 2.65 ಪಟ್ಟು ಕುಗ್ಗುತ್ತದೆ. ಹೀಗಾಗಿ ಈ ತಪ್ಪು ರೂಢಿಯಾಗಿರುವ ಕಡೆ ನಿಧಾನವಾಗಿ ಫಲ ಕೊಡುವ, ದೀರ್ಘ ಬಾಳಿಕೆಯ ಯೋಜನೆಗಳು ಒಂದೊಂದಾಗಿ ತಿರಸ್ಕೃತವಾಗುತ್ತವೆ, ಬೇಗ ಹಣ ವಾಪಸ್ ಕೊಡುವವು ಗೆಲ್ಲುತ್ತವೆ. ಇದರ ಉಲ್ಟಾ ತಪ್ಪೂ ಇದೆ: ಏರಿಸಿದ ಹರಿವಿಗೆ 8% ದರ ಹಾಕುವುದು. ನಿಮ್ಮ ಯಂತ್ರಕ್ಕೆ ಹಾಗೆ ಮಾಡಿದರೆ ಎನ್‌ಪಿವಿ +18.83 ಎಂದು ತೋರಿಸುತ್ತದೆ. ಅಂಥ ಅಂಕಿ ಯಾರನ್ನಾದರೂ ಮರುಳು ಮಾಡೀತು.

ಈಗ ನಿಮ್ಮ 8.31ಕ್ಕೆ ಬರೋಣ. ವರ್ಷದ ಹರಿವನ್ನು ನೀವು 32.7 ಎಂದು ಇಟ್ಟುಕೊಂಡಿದ್ದೀರಿ. ಅದರಲ್ಲಿ ಎರಡು ಭಾಗಗಳಿವೆ. ಮಾರಾಟದಿಂದ ಖರ್ಚು ಕಳೆದ 36 ಲಕ್ಷಕ್ಕೆ 30% ತೆರಿಗೆ ಕೊಟ್ಟ ಮೇಲೆ ಉಳಿಯುವುದು 25.2. ಸವಕಳಿ 25 ಲಕ್ಷವನ್ನು ಖರ್ಚೆಂದು ತೋರಿಸುವುದರಿಂದ ಉಳಿಯುವ ತೆರಿಗೆ 7.5. ಒಟ್ಟು 32.7.

25.2 ಇಂದಿನ ಬೆಲೆಯ ಅಂಕಿ. ಬೆಲೆಗಳು ಏರಿದರೆ ಅದೂ ಏರುತ್ತದೆ, ನಾಲ್ಕನೇ ವರ್ಷ ನಿಮ್ಮ ಖಾತೆಗೆ ಬರುವುದು 25.2 ಅಲ್ಲ, 30.63. ಅದನ್ನು 8% ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸುವುದು ಸರಿಯೇ. ಆದರೆ 7.5 ಹಾಗಲ್ಲ. ತೆರಿಗೆಯ ಲೆಕ್ಕದಲ್ಲಿ ಸವಕಳಿ ಸಾಮಾನ್ಯವಾಗಿ ಯಂತ್ರವನ್ನು ಕೊಂಡ ಬೆಲೆಯ ಮೇಲೆ ನಿಲ್ಲುತ್ತದೆ. ನಾಲ್ಕನೇ ವರ್ಷ ಅಂಥದೇ ಹೊಸ ಯಂತ್ರದ ಬೆಲೆ 121.55 ಲಕ್ಷ ಆಗಿದ್ದರೂ ನಿಮಗೆ ಸಿಗುವ ಸವಕಳಿ 25 ಲಕ್ಷವೇ, ಉಳಿಯುವ ತೆರಿಗೆ 7.5 ಲಕ್ಷವೇ. ಅದು ಆ ವರ್ಷದ ಹಣದಲ್ಲಿ 7.5. ಇಂದಿನ ಬೆಲೆಗೆ ತಂದರೆ 7.5 ಅನ್ನು 1.2155ರಿಂದ ಭಾಗಿಸಬೇಕು, ಸಿಗುವುದು 6.17 ಮಾತ್ರ.

ನೀವು ಅದನ್ನು ನಾಲ್ಕೂ ವರ್ಷ ನೈಜ 7.5 ಎಂದು ಹಿಡಿದಿದ್ದೀರಿ. ಹಾಗೆ ಹಿಡಿದರೆ ತೆರಿಗೆ ಉಳಿತಾಯವೂ ವರ್ಷಕ್ಕೆ 5% ಏರುತ್ತದೆ ಎಂದು ಒಪ್ಪಿಕೊಂಡಂತೆ. ಹಣದುಬ್ಬರಕ್ಕೆ ತಕ್ಕಂತೆ ಆಸ್ತಿಯ ಮೌಲ್ಯವನ್ನು ಏರಿಸಿ ಸವಕಳಿ ಕೊಡುವ ತೆರಿಗೆ ಪದ್ಧತಿ ಇದ್ದಲ್ಲಿ ಅದು ಸರಿಯಾಗುತ್ತಿತ್ತು, ಆಗ 8.31 ಕೂಡ ಸರಿಯಾದ ಉತ್ತರವೇ ಆಗುತ್ತಿತ್ತು. ಕೊಂಡ ಬೆಲೆಯ ಪದ್ಧತಿಯಲ್ಲಿ ಅದು ಸಲ್ಲದು.

ಎರಡು ದಾರಿಯಲ್ಲೂ ಸರಿಯಾಗಿ ಮಾಡಿದರೆ ಹೀಗೆ ಬರುತ್ತದೆ. ಅಂಕಿಗಳೆಲ್ಲ ಲಕ್ಷದಲ್ಲಿ:

| ವರ್ಷ | ನಾಮಿನಲ್ ಹರಿವು | 13.4%ರಲ್ಲಿ ಇಂದಿನ ಮೌಲ್ಯ | ನೈಜ ಹರಿವು | 8%ರಲ್ಲಿ ಇಂದಿನ ಮೌಲ್ಯ |
|---|---|---|---|---|
| 1 | 26.46 + 7.50 = 33.96 | 29.95 | 25.20 + 7.14 = 32.34 | 29.95 |
| 2 | 27.78 + 7.50 = 35.28 | 27.44 | 25.20 + 6.80 = 32.00 | 27.44 |
| 3 | 29.17 + 7.50 = 36.67 | 25.15 | 25.20 + 6.48 = 31.68 | 25.15 |
| 4 | 30.63 + 7.50 = 38.13 | 23.06 | 25.20 + 6.17 = 31.37 | 23.06 |

ಎರಡೂ ಕಡೆ ಒಟ್ಟು 105.59, ಅದರಿಂದ 100 ಕಳೆದರೆ 5.59. ಇಲ್ಲಿ ಒಟ್ಟು ಮೊತ್ತ ಮಾತ್ರವಲ್ಲ, ಪ್ರತಿ ವರ್ಷದ ಇಂದಿನ ಮೌಲ್ಯವೂ ಹೊಂದಿದೆ. ನಿಮ್ಮಂಥ ಗೊಂದಲ ಎದುರಾದಾಗ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡೂ ದಾರಿಯ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ಮೊದಲ ವರ್ಷದಿಂದಲೇ ಸಣ್ಣ ಅಂತರವಿದ್ದು ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ, ಯಾವುದೋ ಒಂದು ಬಾಬತ್ತಿಗೆ ಹಣದುಬ್ಬರ ಒಂದು ಕಡೆ ಸೇರಿದೆ, ಇನ್ನೊಂದು ಕಡೆ ಸೇರಿಲ್ಲ ಎಂದರ್ಥ. ಒಂದೇ ಒಂದು ವರ್ಷದಲ್ಲಿ ಅಂತರ ಕಂಡರೆ ಆ ವರ್ಷದ ಬಿಡಿ ಬಾಬತ್ತು, ಉದಾಹರಣೆಗೆ ಗುಜರಿ ಬೆಲೆ ಅಥವಾ ಮಧ್ಯದ ದೊಡ್ಡ ರಿಪೇರಿ, ತಪ್ಪು ಹಣದಲ್ಲಿ ನಮೂದಾಗಿದೆ.

ಟೇಬಲ್ ಇಲ್ಲದೆಯೂ ಇದೇ ಉತ್ತರಕ್ಕೆ ಬರಬಹುದು. ನೈಜ ಭಾಗವನ್ನು ನೈಜ ದರದಲ್ಲಿ, ನಾಮಿನಲ್ ಭಾಗವನ್ನು ನಾಮಿನಲ್ ದರದಲ್ಲಿ ಬೇರೆ ಬೇರೆ ಇಳಿಸಿ ಕೊನೆಗೆ ಕೂಡಿಸುವುದು. 25.2ಕ್ಕೆ 8%ರ ನಾಲ್ಕು ವರ್ಷದ ಗುಣಕ 3.3121, ಸಿಗುವುದು 83.47. 7.5ಕ್ಕೆ 13.4%ರ ಗುಣಕ 2.9499, ಸಿಗುವುದು 22.12. ಇಂದಿನ ಮೌಲ್ಯಕ್ಕೆ ಬಂದ ಮೇಲೆ ಎರಡೂ ಇಂದಿನ ಹಣವೇ, ಆದ್ದರಿಂದ ಕೂಡಿಸಲು ಅಡ್ಡಿಯಿಲ್ಲ. ಒಂದೇ ಯೋಜನೆಯಲ್ಲಿ ಎರಡು ದರ ಬಳಸಬಹುದೇ ಎಂದು ಕೆಲವರು ಅನುಮಾನಿಸುತ್ತಾರೆ. ಬಳಸಬಹುದು. ಪ್ರತಿ ಹರಿವೂ ತನ್ನ ಹಣಕ್ಕೆ ತಕ್ಕ ದರದ ಜೊತೆಗಿದ್ದರೆ ಸಾಕು. (ತೆರಿಗೆ ಉಳಿತಾಯದ ಅಪಾಯ ಕಡಿಮೆ, ಹಾಗಾಗಿ ಅದಕ್ಕೆ ಇನ್ನೂ ಕಡಿಮೆ ದರ ಸಾಕು ಎಂಬ ವಾದವಿದೆ. ಅದು ಅಪಾಯದ ಪ್ರಶ್ನೆ, ಹಣದುಬ್ಬರದ್ದಲ್ಲ. ಇಲ್ಲಿ ಎರಡನ್ನೂ ಬೆರೆಸುವುದು ಬೇಡ.)

ಈ ಬಿಡಿಸಿದ ಲೆಕ್ಕದಿಂದ ಇನ್ನೊಂದು ವಿಷಯ ಸ್ಪಷ್ಟವಾಗುತ್ತದೆ. ಎಲ್ಲ ಬೆಲೆಗಳೂ ಒಂದೇ ದರದಲ್ಲಿ ಏರಿದರೆ ಹಣದುಬ್ಬರದಿಂದ ಯೋಜನೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ತೆರಿಗೆ ಇರುವ ಜಗತ್ತಿನಲ್ಲಿ ಅದು ನಿಜವಲ್ಲ. ನೈಜ ದರವನ್ನು 8%ರಲ್ಲೇ ಇಟ್ಟು ಹಣದುಬ್ಬರವನ್ನು ಮಾತ್ರ ಬದಲಿಸಿ ನೋಡಿ. ಹಣದುಬ್ಬರ ಸೊನ್ನೆಯಾದರೆ ನಿಮ್ಮ ಯಂತ್ರದ ಎನ್‌ಪಿವಿ 8.31. 5% ಆದರೆ 5.59. 10% ಆದರೆ ನಾಮಿನಲ್ ದರ 18.8% ಆಗಿ, ತೆರಿಗೆ ಉಳಿತಾಯದ ಮೌಲ್ಯ 19.87ಕ್ಕೆ ಇಳಿದು, ಎನ್‌ಪಿವಿ 3.33ಕ್ಕೆ ಬೀಳುತ್ತದೆ. ಮೂರರಲ್ಲೂ 83.47 ಕದಲುವುದಿಲ್ಲ, ಕರಗುವುದು ಸವಕಳಿಯ ಭಾಗ ಮಾತ್ರ. ಅಂದರೆ ನಿಮ್ಮ 8.31 ಅರ್ಥವಿಲ್ಲದ ಅಂಕಿಯಲ್ಲ, ಹಣದುಬ್ಬರವೇ ಇಲ್ಲದಿದ್ದರೆ ಈ ಯಂತ್ರದ ಎನ್‌ಪಿವಿ ಎಷ್ಟಿರುತ್ತಿತ್ತೋ ಅದು.

ಸವಕಳಿ ಎಷ್ಟು ಬೇಗ ಸಿಗುತ್ತದೆ ಎಂಬುದರ ಮೇಲೆ ಈ ನಷ್ಟ ನಿಂತಿದೆ. ಇಡೀ 100 ಲಕ್ಷವನ್ನು ಮೊದಲ ವರ್ಷದಲ್ಲೇ ಖರ್ಚೆಂದು ತೋರಿಸಲು ಕಾನೂನು ಬಿಟ್ಟರೆ 30 ಲಕ್ಷ ತೆರಿಗೆ ಒಂದೇ ಸಲ ಉಳಿಯುತ್ತದೆ, ಅದರ ಇಂದಿನ ಮೌಲ್ಯ 26.46. ಹಣದುಬ್ಬರ ತಿನ್ನುವುದು 1.32 ಮಾತ್ರ, ನಾಲ್ಕು ವರ್ಷಕ್ಕೆ ಹಂಚಿದಾಗ ತಿನ್ನುವ 2.72ರ ಅರ್ಧಕ್ಕಿಂತ ಕಡಿಮೆ. ಇಳಿಕೆಯ ಶಿಲ್ಕಿನ ಮೇಲೆ, ಅಂದರೆ ಹಿಂದಿನ ಸವಕಳಿ ಕಳೆದು ಉಳಿದ ಮೌಲ್ಯದ ಮೇಲೆ, ಸವಕಳಿ ಲೆಕ್ಕ ಹಾಕುವ ಪದ್ಧತಿಯಲ್ಲಿ ಬಾಲ ಉದ್ದವಾಗಿರುತ್ತದೆ. ಅಲ್ಲಿ ಪ್ರತಿ ವರ್ಷದ ಸವಕಳಿಯನ್ನು ಬೇರೆಯಾಗಿ ಬರೆದುಕೊಂಡು ನಾಮಿನಲ್ ದರದಲ್ಲೇ ಇಳಿಸಬೇಕು.

ಸವಕಳಿಯಂತೆಯೇ ಹಣದ ಮೊತ್ತದಲ್ಲಿ ಗಟ್ಟಿಯಾಗಿ ನಿಂತ ಬಾಬತ್ತುಗಳು ಇನ್ನೂ ಇರುತ್ತವೆ. ಐದು ವರ್ಷಕ್ಕೆ ಬದಲಾಗದ ಬಾಡಿಗೆ ಕರಾರು, ನಿಗದಿತ ಬೆಲೆಯ ಪೂರೈಕೆ ಒಪ್ಪಂದ, ಒಂದೇ ಮೊತ್ತದ ನಿರ್ವಹಣಾ ಕರಾರು ಇವೆಲ್ಲ ನಾಮಿನಲ್. ನೈಜ ಲೆಕ್ಕಕ್ಕೆ ಇವನ್ನು ಹಾಗೆಯೇ ತಂದು ಹಾಕಿದರೆ ಖರ್ಚು ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ವರ್ಷ ಕಳೆದಂತೆ ಆ ಬಾಡಿಗೆಯ ನೈಜ ಭಾರ ಇಳಿಯುತ್ತಿರುತ್ತದೆ. ಪ್ರತಿ ಬಾಬತ್ತಿನ ಎದುರು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಬೆಲೆಗಳು ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ಈ ಅಂಕಿಯೂ ದುಪ್ಪಟ್ಟಾಗುತ್ತದೆಯೇ? ಆಗುವುದಿಲ್ಲ ಎಂದಾದರೆ ಅದು ನಾಮಿನಲ್. ಸಾಲದ ಬಡ್ಡಿ, ಕಂತುಗಳ ಮಾತು ಬೇರೆ. ಅವು ಹರಿವಿನಲ್ಲಿ ಬರಲೇಬಾರದು, ಅವುಗಳ ಭಾರ ಹರಿವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ಡಿಸ್ಕೌಂಟ್ ದರದಲ್ಲೇ ಇದೆ.

ದುಡಿಯುವ ಬಂಡವಾಳದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ನಿಮ್ಮ ಪ್ರಶ್ನೆಯಲ್ಲಿ ಅದು ಇಲ್ಲ, ಆದರೆ ಯಂತ್ರ ಓಡಬೇಕಾದರೆ ದಾಸ್ತಾನು ಬೇಕು, ಗ್ರಾಹಕರಿಗೆ ಉದ್ರಿ ಕೊಡಬೇಕು. ಅದಕ್ಕೆ ಇಂದಿನ ಬೆಲೆಯಲ್ಲಿ 10 ಲಕ್ಷ ಬೇಕು ಎನ್ನೋಣ. ನೈಜ ಲೆಕ್ಕ ಮಾಡುವವರು ಸಾಮಾನ್ಯವಾಗಿ ಆರಂಭದಲ್ಲಿ 10 ಕಳೆದು, ನಾಲ್ಕನೇ ವರ್ಷದ ಕೊನೆಗೆ 10 ವಾಪಸ್ ಬರೆದು ಸುಮ್ಮನಾಗುತ್ತಾರೆ. 8%ರಲ್ಲಿ ಅದರ ನಿವ್ವಳ ವೆಚ್ಚ 2.65 ಎಂದು ಬರುತ್ತದೆ. ನೋಡಲು ಸರಿಯಾಗಿಯೇ ಇದೆ: ದಾಸ್ತಾನಿನ ಪ್ರಮಾಣ ಬದಲಾಗಿಲ್ಲ, ಕೊನೆಗೆ ಅಷ್ಟೂ ಬಿಡುಗಡೆಯಾಗಿದೆ.

ನಡೆಯುವುದು ಹಾಗಲ್ಲ. ಬೆಲೆ 5% ಏರಿದಾಗ ಅಷ್ಟೇ ಪ್ರಮಾಣದ ದಾಸ್ತಾನು ಮತ್ತು ಉದ್ರಿಗೆ 10.5 ಲಕ್ಷ ಬೇಕು. ಮೊದಲ ವರ್ಷದ ಕೊನೆಗೆ 0.5 ಲಕ್ಷ ಹೊಸದಾಗಿ ಹಾಕಬೇಕು, ಎರಡನೆಯದರ ಕೊನೆಗೆ 0.525, ಮೂರನೆಯದರ ಕೊನೆಗೆ 0.551. ಹೀಗೆ ಒಟ್ಟು 11.576 ಲಕ್ಷ ಸಿಕ್ಕಿಹಾಕಿಕೊಂಡು ನಾಲ್ಕನೇ ವರ್ಷದ ಕೊನೆಗೆ ಅಷ್ಟೇ ಹಣ ಹೊರಬರುತ್ತದೆ. 13.4%ರಲ್ಲಿ ಇಳಿಸಿದರೆ ನಿವ್ವಳ ವೆಚ್ಚ 4.23. ನೈಜ ದಾರಿಯಲ್ಲೂ ಇದೇ 4.23 ಬರಬೇಕಾದರೆ, ಮೊದಲ ಮೂರು ವರ್ಷ ತಲಾ 0.476 ಹೊರಹೋಗಿ ಕೊನೆಗೆ 9.524 ವಾಪಸ್ ಬಂತು ಎಂದು ಬರೆಯಬೇಕು. ಬಂಡವಾಳದ ಮಟ್ಟ ನೈಜವಾಗಿ ಸ್ಥಿರವಾಗಿದ್ದರೂ ನೈಜ ಹರಿವು ಸೊನ್ನೆಯಲ್ಲ, ಎಂಬುದೇ ಹಲವರಿಗೆ ಹೊಳೆಯದ ಸಂಗತಿ. ಕಾರಣ ಇಷ್ಟೇ: ಗ್ರಾಹಕರು ಕೊಡಬೇಕಾದ ಹಣ ಒಂದು ವರ್ಷ ಕಳೆದರೂ ಅಷ್ಟೇ ಮೊತ್ತದಲ್ಲಿ ನಿಂತಿರುತ್ತದೆ, ಅದರ ಕೊಳ್ಳುವ ಶಕ್ತಿ ಮಾತ್ರ ಕರಗಿರುತ್ತದೆ. ದಾಸ್ತಾನಿನ ವಿಷಯ ತುಸು ಭಿನ್ನ, ಸರಕಿನ ಬೆಲೆ ತಾನೂ ಏರುತ್ತದೆ. ಆದರೆ 54 ಲಕ್ಷದ ಖರ್ಚನ್ನು ಹಳೆಯ ದಾಸ್ತಾನಿನ ಬೆಲೆಯಲ್ಲಿ ಲೆಕ್ಕ ಹಾಕಿದ್ದೀರೋ, ಹೊಸದಾಗಿ ಕೊಳ್ಳುವ ಬೆಲೆಯಲ್ಲೋ ಎಂಬುದರ ಮೇಲೆ ಆ ಏರಿಕೆ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನಿಂತಿದೆ. ನಾಮಿನಲ್ ಹರಿವಿನಲ್ಲಿ ಪ್ರತಿ ವರ್ಷದ ಮಟ್ಟವನ್ನು ಬರೆದು ಅದರ ವ್ಯತ್ಯಾಸವನ್ನು ತೆಗೆದುಕೊಂಡರೆ ಈ ಗೋಜಲಿಗೆ ಸಿಲುಕದೆ ಪಾರಾಗಬಹುದು. ನಿಮ್ಮ ಯಂತ್ರಕ್ಕೆ ಇಂಥ 10 ಲಕ್ಷ ಬೇಕಿದ್ದರೆ ಎನ್‌ಪಿವಿ 5.59ರಿಂದ 1.36ಕ್ಕೆ ಇಳಿಯುತ್ತದೆ. ಸವಕಳಿ, ದುಡಿಯುವ ಬಂಡವಾಳ ಎರಡರಲ್ಲೂ ನೈಜ ದಾರಿಯ ಅಡ್ಡ ಹಾದಿ ಹಿಡಿದವರಿಗೆ ಅದೇ ಯೋಜನೆ 5.66 ಎಂದು ಕಾಣುತ್ತದೆ.

ನಿಮ್ಮ ಸಹೋದ್ಯೋಗಿಯ ಲೆಕ್ಕದಲ್ಲೂ ನಾನು ಒಂದನ್ನು ಪ್ರಶ್ನಿಸುತ್ತೇನೆ. ಮಾರಾಟಕ್ಕೂ ಖರ್ಚಿಗೂ ಒಂದೇ 5% ಹಾಕಿದ್ದಾರೆ. ಸಾಮಾನ್ಯ ಹಣದುಬ್ಬರ 5% ಇದೆ ಎಂದ ಮಾತ್ರಕ್ಕೆ ನಿಮ್ಮ ಸರಕಿನ ಬೆಲೆ 5% ಏರಬೇಕೆಂದಿಲ್ಲ, ಕೂಲಿ ಮತ್ತು ಕಚ್ಚಾವಸ್ತು ಅಷ್ಟಕ್ಕೇ ನಿಲ್ಲಬೇಕೆಂದೂ ಇಲ್ಲ. ಪೈಪೋಟಿಯಿಂದಾಗಿ ಮಾರಾಟ ಬೆಲೆ 4% ಮಾತ್ರ ಏರಿ, ಖರ್ಚು 6% ಏರಿದರೆ ಏನಾಗುತ್ತದೆ ನೋಡಿ. ಮೊದಲ ವರ್ಷ 93.6ರಿಂದ 57.24 ಕಳೆದರೆ 36.36. ನಾಲ್ಕನೇ ವರ್ಷ 105.29ರಿಂದ 68.17 ಕಳೆದರೆ 37.11. ಮೊತ್ತ ಏರುತ್ತಲೇ ಇದೆ, ಯಾರಿಗೂ ಅನುಮಾನ ಬಾರದು. ಆದರೆ ಆ 37.11 ಇಂದಿನ ಬೆಲೆಯಲ್ಲಿ 30.53 ಮಾತ್ರ. ತೆರಿಗೆ ಕಳೆದ ವ್ಯವಹಾರದ ಹರಿವಿನ ಮೌಲ್ಯ 83.47ರಿಂದ 75.84ಕ್ಕೆ ಕುಸಿಯುತ್ತದೆ. ಸವಕಳಿಯ 22.12 ಸೇರಿಸಿದರೂ 97.96, ದುಡಿಯುವ ಬಂಡವಾಳವನ್ನು ಲೆಕ್ಕಕ್ಕೆ ಹಿಡಿಯದೆಯೇ ಎನ್‌ಪಿವಿ -2.04. ಒಂದೊಂದು ಶೇಕಡಾವಾರು ಅಂಶ ಅತ್ತಿತ್ತ ಸರಿದದ್ದಕ್ಕೆ ಯೋಜನೆಯ ತೀರ್ಮಾನವೇ ತಿರುಗಿಬಿತ್ತು. ಲಾಭದ ಅಂಚು ತೆಳುವಾಗಿರುವ ವ್ಯವಹಾರದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ.

ಇಲ್ಲಿ ಜನ ಮಾಡುವ ತಪ್ಪೊಂದಿದೆ. ಕೂಲಿ 6% ಏರುತ್ತದೆ ಎಂದು, ಡಿಸ್ಕೌಂಟ್ ದರವನ್ನು ನೈಜಕ್ಕೆ ತರುವಾಗಲೂ 6%ರಿಂದ ಭಾಗಿಸುತ್ತಾರೆ. ಹಾಗಾಗಬಾರದು. ದರದೊಳಗಿರುವುದು ಹಣ ಹೂಡಿದವರ ಕೊಳ್ಳುವ ಶಕ್ತಿಯನ್ನು ಕಾಯುವ ಸಾಮಾನ್ಯ ಹಣದುಬ್ಬರ, ಅದೂ ಮುಂದೆ ನಿರೀಕ್ಷಿಸುವ ಹಣದುಬ್ಬರ. ಕಳೆದ ವರ್ಷ ನಡೆದದ್ದಲ್ಲ. ಬಾಬತ್ತುಗಳು ತಮ್ಮ ತಮ್ಮ ದರದಲ್ಲಿ ಏರಲಿ, ನೈಜಕ್ಕೆ ಇಳಿಸುವಾಗ ಎಲ್ಲವನ್ನೂ ಒಂದೇ ಸಾಮಾನ್ಯ ಸೂಚ್ಯಂಕದಿಂದ ಭಾಗಿಸಬೇಕು. ಆಗ 6% ಏರುವ ಖರ್ಚು ನೈಜವಾಗಿ ವರ್ಷಕ್ಕೆ ಸುಮಾರು 0.95% ಏರುತ್ತದೆ, 4% ಏರುವ ಮಾರಾಟ ಬೆಲೆ ಸುಮಾರು 0.95% ಇಳಿಯುತ್ತದೆ. ನೈಜ ಲೆಕ್ಕ ಎಂದರೆ ಎಲ್ಲ ಅಂಕಿಗಳನ್ನೂ ನಾಲ್ಕು ವರ್ಷ ಸಮತಟ್ಟಾಗಿ ಇಡುವುದು ಎಂದುಕೊಂಡಿದ್ದರೆ ಅದನ್ನು ಬಿಡಬೇಕು.

ನಿಮ್ಮ 13.4% ಹೇಗೆ ಬಂತು ಎಂಬುದನ್ನೂ ಪರಿಶೀಲಿಸಿ, ಏಕೆಂದರೆ ನೈಜ ದರಕ್ಕೆ ಬರುವ ಕ್ರಮ ಮುಖ್ಯ. ಉದಾಹರಣೆಗೆ ಬಂಡವಾಳದ ಶೇ 20 ಸಾಲ, ಬಡ್ಡಿ 10%, ತೆರಿಗೆ ಉಳಿದ ಮೇಲೆ 7%. ಶೇ 80 ಷೇರು ಬಂಡವಾಳ, ನಿರೀಕ್ಷೆ 15%. ತೂಕ ಹಾಕಿ ಕೂಡಿಸಿದರೆ 1.4 ಮತ್ತು 12 ಸೇರಿ 13.4. ಇದನ್ನು ಒಮ್ಮೆಲೇ 1.05ರಿಂದ ಇಳಿಸಿದರೆ 8%. ಕೆಲವರು ಮೊದಲು ಬಡ್ಡಿಯನ್ನು ನೈಜಕ್ಕೆ ತಂದು (4.76%), ಆಮೇಲೆ ಅದರ ಮೇಲೆ ತೆರಿಗೆ ಉಳಿತಾಯ ಕಳೆಯುತ್ತಾರೆ (3.33%). ತೆರಿಗೆ ವಿನಾಯಿತಿ ಸಿಗುವುದು ಕಟ್ಟಿದ ಪೂರ್ತಿ 10% ಬಡ್ಡಿಯ ಮೇಲೆ, ಅದರ ನೈಜ ಭಾಗದ ಮೇಲಷ್ಟೇ ಅಲ್ಲ. ಆದ್ದರಿಂದ ಮೊದಲು ತೆರಿಗೆ, ನಂತರ ಹಣದುಬ್ಬರ: 7%ರಿಂದ ಸಿಗುವುದು 1.90%. ಕ್ರಮ ತಪ್ಪಿದರೆ ಒಟ್ಟು ನೈಜ ದರ 8ರ ಬದಲು 8.29% ಎಂದು ಬರುತ್ತದೆ, ಸಾಲದ ಪಾಲು ಹೆಚ್ಚಿದ್ದಲ್ಲಿ ಅಂತರವೂ ಹೆಚ್ಚುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಯಾವ ದಾರಿ ಹಿಡಿಯಬೇಕು? ತೆರಿಗೆ ಕಟ್ಟುವ ಸಂಸ್ಥೆಗೆ ನಾನು ನಾಮಿನಲ್ ದಾರಿಯನ್ನೇ ಹೇಳುತ್ತೇನೆ. ಸವಕಳಿ, ಕರಾರುಗಳು, ದುಡಿಯುವ ಬಂಡವಾಳ ಎಲ್ಲವೂ ಅಲ್ಲಿ ಸಹಜವಾಗಿ ಕೂರುತ್ತವೆ, ಮುಂದೆ ಬಜೆಟ್ ಅಂಕಿಗಳ ಜೊತೆ ಹೋಲಿಸಿ ನೋಡಲೂ ಬರುತ್ತದೆ. ತೆರಿಗೆಯಿಲ್ಲದ, ದಶಕಗಟ್ಟಲೆ ಬಾಳುವ ಸಾರ್ವಜನಿಕ ಕಾಮಗಾರಿಗಳಿಗೆ ನೈಜ ದಾರಿ ಹಗುರ. ಮೂವತ್ತನೇ ವರ್ಷದ ಬೆಲೆಮಟ್ಟವನ್ನು ಊಹಿಸುವ ಕಷ್ಟ ಅಲ್ಲಿ ತಪ್ಪುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಹಣದುಬ್ಬರ, ನೈಜ ದರ ಎರಡನ್ನೇ ಕೈಯಿಂದ ತುಂಬಿ, ನಾಮಿನಲ್ ದರ ಅವುಗಳಿಂದಲೇ ಹುಟ್ಟುವಂತೆ ಮಾಡಿ. ಹಣದುಬ್ಬರ B1ರಲ್ಲಿ, ನೈಜ ದರ B2ರಲ್ಲಿ, ನಾಮಿನಲ್ ದರ B3ರಲ್ಲಿ, ಹರಿವು ಆರಂಭದ ಹೂಡಿಕೆಯಿಂದ ಹಿಡಿದು B10ರಿಂದ F10ರವರೆಗೆ ಇದ್ದರೆ:

```
B3:  =(1+B1)*(1+B2)-1
NPV: =B10+NPV(B3,C10:F10)
```

ಹೂಡಿಕೆಯನ್ನು ಆವರಣದ ಹೊರಗೆ ಇಟ್ಟಿರುವುದಕ್ಕೆ ಕಾರಣವಿದೆ. ಈ ಫಂಕ್ಷನ್ ತನಗೆ ಕೊಟ್ಟ ಮೊದಲ ಅಂಕಿಯನ್ನೂ ಒಂದು ವರ್ಷ ಇಳಿಸುತ್ತದೆ, ಹೂಡಿಕೆಯನ್ನೂ ಒಳಗೆ ಸೇರಿಸಿದರೆ ನಿಮ್ಮ 5.59 ಬದಲು 4.93 ಕಾಣುತ್ತದೆ. ಈ ಜೋಡಣೆಯ ದೊಡ್ಡ ಅನುಕೂಲ ಸಂವೇದನೆಯ ಪರೀಕ್ಷೆಯಲ್ಲಿದೆ. ಹಣದುಬ್ಬರವನ್ನು 5ರಿಂದ 7ಕ್ಕೆ ಏರಿಸಿ ನೋಡುವಾಗ ಹರಿವು ಮಾತ್ರ ಏರಿ ದರ 13.4ರಲ್ಲೇ ಉಳಿದರೆ, ಹಣದುಬ್ಬರ ಹೆಚ್ಚಾದಷ್ಟೂ ಯೋಜನೆ ಲಾಭಕರ ಎಂಬ ಸುಳ್ಳು ಚಿತ್ರ ಬರುತ್ತದೆ. B1 ಬದಲಾದಾಗ ಎರಡೂ ಒಟ್ಟಿಗೆ ಬದಲಾಗಬೇಕು.

ವರದಿಯಲ್ಲಿ ಎನ್‌ಪಿವಿಯನ್ನು ಸೊನ್ನೆ ಮಾಡುವ ಆಂತರಿಕ ಪ್ರತಿಫಲ ದರವನ್ನೂ ಕೊಡುವುದಿದ್ದರೆ ಅದು ಯಾವ ಹರಿವಿನಿಂದ ಬಂದದ್ದು ಎಂದು ಪಕ್ಕದಲ್ಲೇ ಬರೆಯಿರಿ. ನಾಮಿನಲ್ ಹರಿವಿನಿಂದ ಬಂದದ್ದನ್ನು 13.4ರ ಜೊತೆ, ನೈಜ ಹರಿವಿನಿಂದ ಬಂದದ್ದನ್ನು 8ರ ಜೊತೆ ಹೋಲಿಸಬೇಕು. ಸಮಿತಿಯ ಮುಂದೆ ಹೋಗುವ ಹಾಳೆಯಲ್ಲಿ ಪ್ರತಿ ಸಾಲಿಗೂ ಅದು ಯಾವ ವರ್ಷದ ಬೆಲೆಯಲ್ಲಿದೆ, ಎಷ್ಟು ದರದಲ್ಲಿ ಏರಿಸಿದ್ದೀರಿ ಎಂಬ ಎರಡು ಕಾಲಂ ಸೇರಿಸಿ. ಸವಕಳಿಯ ಸಾಲಿನ ಎದುರು ಏರಿಕೆ ಸೊನ್ನೆ ಎಂದು ಬರೆಯಲು ಮರೆಯಬೇಡಿ.